ಕ್ಲಿಕ್‌ನಿಂದ ಪಾವತಿಯವರೆಗೆ: ಗ್ರಾಹಕರು ಸೋರಿಹೋಗುವ ಹಂತವನ್ನು ಪತ್ತೆ ಮಾಡುವುದು ಹೇಗೆ?

ಆನ್‌ಲೈನ್ ಅಂಗಡಿ ನಡೆಸುವವರು ಪ್ರತಿ ಹಂತವನ್ನು ಎಷ್ಟು ಜನ ದಾಟಿದರೆಂದು ತೋರಿಸುವ ಗೂಗಲ್ ಅನಾಲಿಟಿಕ್ಸ್‌ನ ಫನೆಲ್ ವರದಿಯನ್ನು ತೆರೆದ ಕೂಡಲೇ ಅವರ ಕಣ್ಣು ಹೋಗುವುದು ಅತಿ ದೊಡ್ಡ ಇಳಿಕೆಯ ಕಡೆಗೆ. ಸಾಮಾನ್ಯವಾಗಿ ಅದು ವಸ್ತುವನ್ನು ನೋಡುವುದಕ್ಕೂ ಕಾರ್ಟ್‌ಗೆ ಹಾಕುವುದಕ್ಕೂ ನಡುವೆ ಇರುತ್ತದೆ. ಆದರೆ ಅಲ್ಲಿ ಬಿಟ್ಟುಹೋಗುವವರಲ್ಲಿ ಹೆಚ್ಚಿನವರು ಚಿಕ್ಕಪೇಟೆಯಲ್ಲಿ ಸೀರೆ ಬಿಡಿಸಿ ನೋಡಿ ಮುಂದಿನ ಅಂಗಡಿಗೆ ನಡೆಯುವವರಂತೆ, ಕೊಳ್ಳಲೆಂದೇ ಬಂದವರಲ್ಲ. ಕೊಳ್ಳಲು ಮನಸ್ಸು ಮಾಡಿದ ಮೇಲೂ ಕೈತಪ್ಪಿದವರು ಎಲ್ಲಿ ಹೋದರು ಎಂಬುದನ್ನು ವರದಿಯಿಂದ ಹೊರತೆಗೆಯಬೇಕು. ಅದಕ್ಕೆ ಶೇಕಡಾವಾರು ಅಂಕಣವೊಂದೇ ಸಾಲದು.

ಗಾಂಧಿ ಬಜಾರಿನ ಕಾಂಡಿಮೆಂಟ್ಸ್ ಅಂಗಡಿಯೊಂದು ಚಟ್ನಿಪುಡಿ, ಹುಳಿಪುಡಿ, ಚಕ್ಕುಲಿಗಳನ್ನು ತನ್ನ ವೆಬ್‌ಸೈಟಿನಲ್ಲೂ ಮಾರುತ್ತಿದೆ, ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಕೊಡುತ್ತಿದೆ ಎಂದು ಭಾವಿಸಿಕೊಳ್ಳೋಣ. ಲೆಕ್ಕಕ್ಕಾಗಿ ಕಲ್ಪಿಸಿದ ಅದರ 28 ದಿನಗಳ ವರದಿ ಹೀಗಿದೆ:

| ಹಂತ | ಜನ | ಹಿಂದಿನ ಹಂತದಿಂದ ದಾಟಿದವರು |
|---|---|---|
| `session_start` | 8,200 | – |
| `view_item` | 5,000 | ಶೇ 61 |
| `add_to_cart` | 600 | ಶೇ 12 |
| `begin_checkout` | 420 | ಶೇ 70 |
| `add_shipping_info` | 210 | ಶೇ 50 |
| `add_payment_info` | 190 | ಶೇ 90 |
| `purchase` | 133 | ಶೇ 70 |

ವರದಿಯನ್ನು ಸಿದ್ಧಪಡಿಸುವುದು ಕಷ್ಟವಲ್ಲ. `Explore` ವಿಭಾಗದಲ್ಲಿ `Funnel exploration` ಆರಿಸಿ, ಮೇಲಿನ ಹೆಸರುಗಳನ್ನು ಕ್ರಮವಾಗಿ ಹಂತಗಳಾಗಿ ಸೇರಿಸಿದರೆ ಸಾಕು. ಅಂಕಿಗಳು ಪೂರ್ತಿ ಬಂದು ಸೇರಲು ಒಂದೆರಡು ದಿನ ಹಿಡಿಯುವುದರಿಂದ ಅವಧಿಯನ್ನು ಇಂದಿಗೆ ಮುಗಿಸದೆ, ಮೂರು ದಿನ ಹಿಂದಕ್ಕೆ ನಿಲ್ಲಿಸುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆ: ಈ ಫನೆಲ್ ತಾನಾಗಿ ಮುಚ್ಚಿದ ಬಗೆಯದಾಗಿರುತ್ತದೆ, ಅಂದರೆ ಒಂದು ಹಂತವನ್ನು ಹಾರಿದವರನ್ನು ಮುಂದಿನ ಹಂತದಲ್ಲಿ ಎಣಿಸುವುದಿಲ್ಲ. ಕಾರ್ಟ್‌ಗೆ ಹೋಗದೆ ನೇರವಾಗಿ ಚೆಕ್‌ಔಟ್‌ಗೆ ಒಯ್ಯುವ ‘ಈಗಲೇ ಖರೀದಿಸಿ’ ಗುಂಡಿ ನಿಮ್ಮ ಸೈಟಿನಲ್ಲಿದ್ದರೆ, ಅದನ್ನು ಒತ್ತಿ ಕೊಂಡವರು ವರದಿಯ ಪಾಲಿಗೆ ಬಿಟ್ಟುಹೋದವರೇ ಆಗುತ್ತಾರೆ. ಅಂತಹ ಗುಂಡಿ ಇದ್ದಲ್ಲಿ `add_to_cart` ಹಂತವನ್ನು ತೆಗೆದು ಮತ್ತೊಮ್ಮೆ ನೋಡಬೇಕು.

ಜಾಹೀರಾತು ಖಾತೆ 10,000 ಕ್ಲಿಕ್ ತೋರಿಸಿ, ಇಲ್ಲಿ 8,200 ಜನ ಮಾತ್ರ ಕಂಡರೆ ಗಾಬರಿಯಾಗಬೇಕಿಲ್ಲ. ಅಲ್ಲಿ ಎಣಿಸುವುದು ಕ್ಲಿಕ್ಕುಗಳನ್ನು, ಇಲ್ಲಿ ಎಣಿಸುವುದು ಜನರನ್ನು. ಒಬ್ಬರೇ ಎರಡು ಸಲ ಒತ್ತಿರಬಹುದು. ಪುಟ ತೆರೆಯಲು ತಡವಾಗಿ ಎಷ್ಟು ಜನ ವಾಪಸಾದರು ಎಂದು ತಿಳಿಯಬೇಕಾದರೆ ಜಾಹೀರಾತು ಖಾತೆಯೊಳಗೇ `Link clicks` ಮತ್ತು `Landing page views` ಅಂಕಿಗಳನ್ನು ಹೋಲಿಸುವುದು ಸರಿಯಾದ ಮಾರ್ಗ.

ಈಗ ಸೋರಿಕೆ ಹುಡುಕುವ ಕೆಲಸ. ಇದನ್ನು ತುದಿಯಿಂದ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ತುದಿಯ ಅಂಕಿಯೊಂದನ್ನು ಮಾತ್ರ ಹಣದ ಲೆಕ್ಕದೊಂದಿಗೆ ತಾಳೆ ನೋಡಲು ಸಾಧ್ಯ. ವರದಿಯಲ್ಲಿ 133 ಖರೀದಿಗಳಿವೆ. ಅದೇ ಅವಧಿಯಲ್ಲಿ ಅದೇ ಜನರಿಂದ ಬಂದ, ಹಣ ಜಮೆಯಾದ ಆರ್ಡರುಗಳು ಅಂಗಡಿಯ ಪುಸ್ತಕದಲ್ಲಿ 157 ಇವೆ ಎಂದುಕೊಳ್ಳಿ. ಉಳಿದ 24 ಆರ್ಡರುಗಳ ಪಾವತಿ ವಿಧಾನವನ್ನು ಪೇಮೆಂಟ್ ಗೇಟ್‌ವೇಯ ಪಟ್ಟಿಯಲ್ಲಿ ನೋಡಿದರೆ, ಬಹುಪಾಲು ಯುಪಿಐ ಆಗಿರುವ ಸಾಧ್ಯತೆ ಹೆಚ್ಚು. ಗ್ರಾಹಕರು ಯುಪಿಐ ಆ್ಯಪಿಗೆ ಹೋಗಿ ಹಣ ಕಳುಹಿಸಿ, ಬ್ರೌಸರಿಗೆ ಮರಳದೆ ಅಲ್ಲಿಂದಲೇ ಫೋನನ್ನು ಬದಿಗಿಟ್ಟಿರುತ್ತಾರೆ. `purchase` ದಾಖಲಾಗುವುದು ‘ಧನ್ಯವಾದ’ ಪುಟ ತೆರೆದಾಗ ಮಾತ್ರ ಎಂದಾದರೆ, ಅವರ ಖರೀದಿ ವರದಿಗೆ ಸೇರುವುದೇ ಇಲ್ಲ. ಹೀಗಾಗಿ ಪಾವತಿ ಹಂತದ ನಿಜವಾದ ನಷ್ಟ 57 ಜನರದ್ದಲ್ಲ, 33 ಜನರದ್ದು. ಈ ತಾಳೆಯನ್ನು ಮಾಡದೆ ಗೇಟ್‌ವೇ ಬದಲಾಯಿಸಲು ಹೊರಟವರು ಇಲ್ಲದ ರೋಗಕ್ಕೆ ಔಷಧಿ ಕೊಟ್ಟಂತಾಗುತ್ತದೆ.

ಎರಡು ಹೆಜ್ಜೆ ಹಿಂದಕ್ಕೆ ಬಂದರೆ ವಿಳಾಸದ ಹಂತ ಸಿಗುತ್ತದೆ. ಚೆಕ್‌ಔಟ್ ಆರಂಭಿಸಿದ 420 ಜನರಲ್ಲಿ ಅರ್ಧದಷ್ಟು ಮಂದಿ ವಿಳಾಸ ಕೊಡದೆ ಹೋಗಿದ್ದಾರೆ. ಕೊರಿಯರ್ ಶುಲ್ಕ ಕಂಡು ಹಿಂದೆ ಸರಿದರು ಎಂದು ಯಾರಾದರೂ ಹೇಳಬಹುದು, ಮತ್ತು ಅದು ಅನೇಕ ಬಾರಿ ನಿಜವೂ ಹೌದು. ಆದರೆ ಶುಲ್ಕ ಎಲ್ಲರಿಗೂ ಒಂದೇ ಆಗಿದ್ದರೆ ನಷ್ಟವೂ ಎಲ್ಲ ಸಾಧನಗಳಲ್ಲಿ ಸರಿಸುಮಾರು ಒಂದೇ ಆಗಿರಬೇಕು. ಇದನ್ನು ಪರೀಕ್ಷಿಸಲು `Breakdown` ಜಾಗಕ್ಕೆ ಮೊದಲು `Device category`, ಬಳಿಕ `Browser` ಹಾಕಿ ನೋಡಬೇಕು. ನಮ್ಮ ಉದಾಹರಣೆಯಲ್ಲಿ ಕಂಪ್ಯೂಟರಿನಿಂದ ಬಂದ 80 ಜನರಲ್ಲಿ 60 ಮಂದಿ ದಾಟಿದ್ದಾರೆ. ಮೊಬೈಲಿನ ಸಾಮಾನ್ಯ ಬ್ರೌಸರುಗಳಲ್ಲಿ 140ರಲ್ಲಿ 90, ಅಂದರೆ ಶೇ 64. ಆದರೆ `Android Webview` ಎಂಬ ಸಾಲಿನಲ್ಲಿ 200ರಲ್ಲಿ 60 ಮಂದಿ ಮಾತ್ರ, ಅಂದರೆ ಶೇ 30. ಕಂಪ್ಯೂಟರಿನ 80 ಸಣ್ಣ ಸಂಖ್ಯೆಯಾದ್ದರಿಂದ ಅದನ್ನು ಹೆಚ್ಚು ನಂಬಬಾರದು. ಆದರೆ ಉಳಿದೆರಡರ ನಡುವಿನ ಅಂತರ ಆಕಸ್ಮಿಕವೆನ್ನಲು ಬಹಳ ದೊಡ್ಡದು.

ಆ ಸಾಲಿನಲ್ಲಿರುವವರು ಇನ್‌ಸ್ಟಾಗ್ರಾಂನಂತಹ ಆ್ಯಪಿನೊಳಗೇ ತೆರೆದುಕೊಳ್ಳುವ ಬ್ರೌಸರಿನಲ್ಲಿ ಸೈಟನ್ನು ನೋಡಿದವರು. ಕಾರಣ ತಿಳಿಯಲು ವರದಿಯನ್ನು ಮುಚ್ಚಿ, ಆ್ಯಂಡ್ರಾಯ್ಡ್ ಫೋನಿನಲ್ಲಿ ನಿಮ್ಮದೇ ಜಾಹೀರಾತನ್ನು ಒತ್ತಿ ಚಟ್ನಿಪುಡಿ ಕೊಳ್ಳಲು ಹೋಗಬೇಕು. ಕಂಪ್ಯೂಟರಿನ ಮುಂದೆ ಕುಳಿತು ಪರೀಕ್ಷಿಸಿದರೆ ಈ ದೋಷ ಎಂದಿಗೂ ಕಾಣಿಸದು. ನಮ್ಮ ಅಂಗಡಿ ವಿಳಾಸಕ್ಕೆ ಮುಂಚೆ ಗೂಗಲ್ ಖಾತೆಯಿಂದ ಲಾಗಿನ್ ಆಗುವಂತೆ ಕೇಳುತ್ತಿತ್ತು ಎಂದುಕೊಳ್ಳಿ. ಹೀಗೆ ಬೇರೆ ಆ್ಯಪಿನೊಳಗೆ ಹುದುಗಿರುವ ಬ್ರೌಸರುಗಳಿಂದ ಲಾಗಿನ್ ಆಗುವುದನ್ನು ಭದ್ರತೆಯ ಕಾರಣಕ್ಕೆ ಗೂಗಲ್ ತಡೆಯುತ್ತದೆ. ಗ್ರಾಹಕರಿಗೆ `disallowed_useragent` ಎಂಬ ದೋಷಸೂಚನೆ ಕಾಣುತ್ತದೆ. ಮೊಬೈಲ್ ಸಂಖ್ಯೆಗೆ ಒಟಿಪಿ ಪಡೆಯುವ ದಾರಿ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿದ್ದರೆ, ಅದನ್ನು ಹುಡುಕಿಕೊಂಡವರಷ್ಟೇ ಮುಂದೆ ಹೋಗಿರುತ್ತಾರೆ.

ಯಾವ ಹಂತವನ್ನು ಮೊದಲು ಸರಿಪಡಿಸಬೇಕೆಂಬುದನ್ನು ಆರ್ಡರುಗಳ ಲೆಕ್ಕದಲ್ಲಿ ಹೋಲಿಸಬೇಕು. ಆ್ಯಪಿನೊಳಗಿನ ಬ್ರೌಸರಿನವರೂ ಶೇ 64ರಷ್ಟು ದಾಟುವಂತಾದರೆ 60ರ ಬದಲು 128 ಮಂದಿ ವಿಳಾಸ ಕೊಡುತ್ತಾರೆ. ವಿಳಾಸ ಕೊಟ್ಟ 210 ಜನರಲ್ಲಿ 157 ಮಂದಿ, ಅಂದರೆ ಮುಕ್ಕಾಲು ಪಾಲು, ಹಣ ಪಾವತಿಸಿರುವುದರಿಂದ ಹೆಚ್ಚುವರಿ 68 ಜನರಿಂದ ಸುಮಾರು 51 ಆರ್ಡರುಗಳು ಬರಬೇಕು. ಜಾಹೀರಾತಿನಿಂದ ಬಂದವರ ಆಸಕ್ತಿ ಸ್ವಲ್ಪ ಕಡಿಮೆಯೆಂದು ಅದರಲ್ಲಿ ಅರ್ಧವನ್ನು ಬಿಟ್ಟರೂ 25 ಉಳಿಯುತ್ತವೆ. ತಾಳೆಯ ಬಳಿಕ ಸುಮಾರು ಶೇ 83 ಎಂದು ಕಂಡ ಪಾವತಿ ಹಂತವನ್ನು ಶೇ 90ಕ್ಕೆ ಏರಿಸಿದರೆ ಸಿಗುವುದು 14. ಎಲ್ಲರ ಕಣ್ಣು ಕುಕ್ಕುವ ಕಾರ್ಟ್ ಹಂತವನ್ನು, ಹೊಸ ಚಿತ್ರ ತೆಗೆಸಿ ವಿವರಣೆ ತಿದ್ದಿ ಶೇ 12ರಿಂದ 13ಕ್ಕೆ ತಂದರೆ, ಕಾರ್ಟ್‌ಗೆ ಬರುವ ಹೊಸ 50 ಜನರಿಂದ ಸಿಗುವುದು ಸುಮಾರು 13.

ಲಾಗಿನ್ ಇಲ್ಲದೆಯೇ ವಿಳಾಸ ಬರೆಯಲು ಬಿಟ್ಟ ಮೇಲೆ, ಒಟ್ಟು ಮಾರಾಟವನ್ನು ನೋಡಿ ತೀರ್ಮಾನಿಸಬಾರದು. ಆ ನಡುವೆ ಗೌರಿ-ಗಣೇಶ ಹಬ್ಬ ಬಂದರೆ ಚಕ್ಕುಲಿಯ ಮಾರಾಟ ತಾನಾಗಿಯೇ ಏರೀತು. `Android Webview` ಸಾಲಿನಲ್ಲಿ ವಿಳಾಸದ ಹಂತವನ್ನು ದಾಟಿದವರ ಶೇಕಡಾವಾರನ್ನು, ಇನ್ನೊಂದು 28 ದಿನ ಕಳೆದ ಮೇಲೆ ಉಳಿದ ಬ್ರೌಸರುಗಳ ಜೊತೆಗಿಟ್ಟು ನೋಡಬೇಕು. ಅದೇ ಸಾಲಿನಲ್ಲಿ ಪಾವತಿ ಹಂತವನ್ನೂ ಗಮನಿಸಬೇಕು, ಏಕೆಂದರೆ ಆ್ಯಪಿನೊಳಗಿನ ಬ್ರೌಸರಿನಿಂದ ಯುಪಿಐ ಆ್ಯಪು ತೆರೆದುಕೊಳ್ಳದೆ, ವಿಳಾಸದ ಹಂತವನ್ನು ದಾಟಿದ ಗ್ರಾಹಕರು ಮುಂದೆ ಪಾವತಿಯ ಬಳಿ ಕೈತಪ್ಪುವುದುಂಟು.