ಒಳ್ಳೆಯ ಪುಟ ಸಿಕ್ಕಿತು ಸರಿ, ಎಷ್ಟನೆಯದಾಗಿ? ಹುಡುಕಾಟದ ಪಟ್ಟಿಗೆ ಅಂಕ ಹಾಕುವುದು ಹೀಗೆ

‘ರಾಗಿ ಮುದ್ದೆ ಮಾಡುವುದು ಹೇಗೆ’ ಎಂದು ಟೈಪ್ ಮಾಡಿ ಹುಡುಕಿದವರು ಬಂದ ಪುಟಗಳನ್ನೆಲ್ಲ ಓದುತ್ತಾ ಕೂರುವುದಿಲ್ಲ. ಮೇಲಿನ ಒಂದೆರಡನ್ನು ತೆರೆದು ನೋಡುತ್ತಾರೆ, ಕೆಲಸವಾಗದಿದ್ದರೆ ಇನ್ನೊಂದೆರಡು, ಅಷ್ಟೆ. ಹಾಗಾಗಿ ಹುಡುಕು ವ್ಯವಸ್ಥೆಯನ್ನು ಅಳೆಯುವಾಗ ಒಳ್ಳೆಯ ಪುಟ ಪಟ್ಟಿಯಲ್ಲಿ ಇದೆಯೇ ಎಂದು ಕೇಳಿದರೆ ಸಾಲದು. ಎಷ್ಟನೆಯ ಸ್ಥಾನದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರಬೇಕು. ಈ ಲೆಕ್ಕಕ್ಕೆ ಹೆಚ್ಚು ಬಳಕೆಯಲ್ಲಿರುವ ಅಳತೆಗೋಲು ನಾರ್ಮಲೈಸ್ಡ್ ಡಿಸ್ಕೌಂಟೆಡ್ ಕ್ಯುಮುಲೇಟಿವ್ ಗೇನ್, ಚಿಕ್ಕದಾಗಿ ಎನ್‌ಡಿಸಿಜಿ. ಹೆಸರು ಉದ್ದವಾದರೂ ಒಳಗಿರುವುದು ಕೂಡುವುದು, ಭಾಗಿಸುವುದು ಮತ್ತು ಒಂದಿಷ್ಟು ಲಾಗ್. ಒಂದು ಸಣ್ಣ ಉದಾಹರಣೆಯನ್ನು ಕೈಲೆಕ್ಕದಲ್ಲೇ ಮಾಡಿ ನೋಡೋಣ.

ಮೊದಲು ಅಂಕ ಹಾಕಿ

ಅಡುಗೆ ಬರಹಗಳ ಒಂದು ತಾಣದಲ್ಲಿ ಮೇಲಿನ ಪ್ರಶ್ನೆಗೆ ಐದು ಪುಟಗಳು ಬಂದವು ಎಂದಿಟ್ಟುಕೊಳ್ಳಿ. ಪ್ರತಿ ಪುಟಕ್ಕೂ 0ಯಿಂದ 3ರವರೆಗೆ ಅಂಕ ಕೊಡಬೇಕು. ಓದಿದವರು ನೇರವಾಗಿ ಒಲೆ ಹಚ್ಚಬಹುದು ಎನ್ನುವಂತಿದ್ದರೆ 3, ಉಪಯೋಗಕ್ಕೆ ಬಂದರೂ ಏನೋ ಕೊರತೆಯಿದ್ದರೆ 2, ವಿಷಯ ಹಾಗೇ ತಾಗಿ ಹೋಗಿದ್ದರೆ 1, ಸಂಬಂಧವೇ ಇಲ್ಲದಿದ್ದರೆ 0.

1. ರಾಗಿಯ ಪೌಷ್ಟಿಕತೆಯ ಲೇಖನ, ಮುದ್ದೆಯ ಬಗ್ಗೆ ಎರಡೇ ಸಾಲು: 1
2. ನೀರು, ಹಿಟ್ಟಿನ ಅಳತೆ ಸಮೇತ ಪೂರ್ತಿ ವಿಧಾನ: 3
3. ಮುದ್ದೆ ಊಟ ಸಿಗುವ ಹೋಟೆಲುಗಳ ಪಟ್ಟಿ: 0
4. ಅಳತೆಯಿಲ್ಲದ ಚುಟುಕು ವಿಧಾನ: 2
5. ಮಾರುಕಟ್ಟೆಯಲ್ಲಿ ರಾಗಿ ದರದ ಸುದ್ದಿ: 0

ಅಂಕ ಹಾಕುವವರಿಗೆ ಪುಟಗಳನ್ನು ಕಲಸಿ ಕೊಡಿ. ಯಾವುದು ಎಷ್ಟನೆಯದಾಗಿ ಬಂದಿತ್ತೆಂದು ಗೊತ್ತಾದರೆ, ಮೇಲಿದ್ದದ್ದಕ್ಕೆ ಅರಿವಿಲ್ಲದೆಯೇ ಒಂದಂಕ ಹೆಚ್ಚು ಬೀಳುತ್ತದೆ.

ಕೆಳಗಿಳಿದಂತೆ ಬೆಲೆ ಇಳಿಸಿ

ಈಗ ಪ್ರತಿ ಅಂಕವನ್ನೂ ಅದರ ಸ್ಥಾನಕ್ಕೆ ತಕ್ಕಂತೆ ಭಾಗಿಸಬೇಕು. ಸ್ಥಾನ i ಆದರೆ ಭಾಜಕ log2(i+1). ಮೊದಲನೆಯ ಸ್ಥಾನಕ್ಕೆ ಇದು 1, ಅಂದರೆ ಅಂಕ ಪೂರ್ತಿ ಉಳಿಯುತ್ತದೆ. ಎರಡನೆಯದಕ್ಕೆ 1.585, ಮೂರನೆಯದಕ್ಕೆ 2, ನಾಲ್ಕನೆಯದಕ್ಕೆ 2.322, ಐದನೆಯದಕ್ಕೆ 2.585. ಮೂರನೆಯ ಸ್ಥಾನಕ್ಕೆ ಬರುವಷ್ಟರಲ್ಲಿ ಅಂಕದ ಬೆಲೆ ಅರ್ಧವಾಗಿರುತ್ತದೆ. ಆದರೆ ಕಾಲು ಭಾಗಕ್ಕೆ ಇಳಿಯಲು ಹದಿನೈದನೆಯ ಸ್ಥಾನದವರೆಗೆ ಹೋಗಬೇಕು. ಮೊದಲು ಸರ್ರನೆ ಇಳಿದು ಆಮೇಲೆ ನಿಧಾನವಾಗುವ ಈ ಗುಣಕ್ಕಾಗಿಯೇ ಲಾಗ್ ಬಳಸುವುದು.

ಹೀಗೆ ಭಾಗಿಸಿ ಬಂದದ್ದನ್ನೆಲ್ಲ ಕೂಡಿದರೆ ಸಿಗುವ ಮೊತ್ತವೇ DCG. ನಮ್ಮ ಪಟ್ಟಿಯ ಲೆಕ್ಕ:

```
DCG = 1/1 + 3/1.585 + 0 + 2/2.322 + 0
    = 1 + 1.893 + 0.861
    = 3.754
```

ಲಾಗ್ ಬಳಕೆ ಪ್ರಕೃತಿಯ ನಿಯಮವೇನಲ್ಲ, ರೂಢಿ. ಫಿನ್ಲೆಂಡಿನ ಟಾಂಪೆರೆ ವಿಶ್ವವಿದ್ಯಾಲಯದ ಕಲೆರ್ವೊ ಯಾರ್ವೆಲಿನ್ ಮತ್ತು ಯಾನಾ ಕೆಕಲೈನೆನ್ 2002ರ ಪ್ರಬಂಧದಲ್ಲಿ ಈ ಅಳತೆಯನ್ನು ವಿವರವಾಗಿ ಮಂಡಿಸಿದಾಗ ಸೂತ್ರ ಸ್ವಲ್ಪ ಬೇರೆಯಿತ್ತು. ಅಲ್ಲಿ ಲಾಗ್‌ನ ಆಧಾರ 2 ಎಂದಿಟ್ಟರೆ ಮೊದಲ ಎರಡು ಸ್ಥಾನಗಳಿಗೆ ಕಡಿತವೇ ಇರಲಿಲ್ಲ, ಅವನ್ನು ಅದಲುಬದಲು ಮಾಡಿದರೂ ಮೊತ್ತ ಕದಲುತ್ತಿರಲಿಲ್ಲ. ಈಗ ಎಲ್ಲ ಕಡೆ ಕಾಣುವ i+1 ಈ ತೊಡಕನ್ನು ನೀಗಿಸುತ್ತದೆ.

ಆದರ್ಶ ಪಟ್ಟಿಯಿಂದ ಭಾಗಿಸಿ

3.754 ಒಳ್ಳೆಯದೋ ಕೆಟ್ಟದ್ದೋ? ಒಂಟಿಯಾಗಿ ನೋಡಿದರೆ ಹೇಳುವಂತಿಲ್ಲ. ಒಂದು ಪ್ರಶ್ನೆಗೆ ಹತ್ತಾರು ಒಳ್ಳೆಯ ಪುಟಗಳಿರಬಹುದು, ಇನ್ನೊಂದಕ್ಕೆ ಒಂದೇ ಇರಬಹುದು. ಆದ್ದರಿಂದ ಅತ್ಯುತ್ತಮ ಕ್ರಮದಲ್ಲಿ ಜೋಡಿಸಿದ್ದರೆ ಎಷ್ಟು ಬರುತ್ತಿತ್ತು ಎಂದು ನೋಡಿ, ಅದರಿಂದ ಭಾಗಿಸುತ್ತೇವೆ.

ಹೆಚ್ಚಿನವರು ಎಡವುವುದು ಇಲ್ಲೇ. ಬಂದ ಐದು ಪುಟಗಳನ್ನೇ 3, 2, 1, 0, 0 ಎಂದು ಜೋಡಿಸಿದರೆ ಆದರ್ಶ ಮೊತ್ತ 4.762, ಉತ್ತರ 0.788. ನೋಡಲು ಚೆನ್ನಾಗಿದೆ. ಆದರೆ ತಾಣದಲ್ಲಿ ಇನ್ನೊಂದು ಪುಟವಿದೆ, 3 ಅಂಕಕ್ಕೆ ಯೋಗ್ಯವಾದದ್ದು. ಬರೆದವರು ಮಂಡ್ಯ, ಮೈಸೂರಿನ ಕಡೆಯವರಂತೆ ಮುದ್ದೆಗೆ ‘ಹಿಟ್ಟು’ ಎಂದೇ ಬರೆದಿದ್ದಾರೆ, ‘ಮುದ್ದೆ’ ಎಂಬ ಪದ ಇಲ್ಲದ್ದರಿಂದ ವ್ಯವಸ್ಥೆಗೆ ಅದು ಸಿಕ್ಕಿಲ್ಲ. ಅದನ್ನೂ ಸೇರಿಸಿದರೆ ಆದರ್ಶ ಕ್ರಮ 3, 3, 2, 1, 0 ಆಗುತ್ತದೆ, ಮೊತ್ತ 6.323. ಈಗ 3.754 ÷ 6.323 = 0.594. ಬಂದದ್ದನ್ನಷ್ಟೇ ನೋಡಿ ಆದರ್ಶ ಕಟ್ಟಿದರೆ, ತಪ್ಪಿಸಿಕೊಂಡ ಪುಟದ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಇದಕ್ಕಾಗಿಯೇ ಒಂದೇ ಪ್ರಶ್ನೆಯನ್ನು ಎರಡು ಮೂರು ಬೇರೆ ಬೇರೆ ವ್ಯವಸ್ಥೆಗಳಿಗೆ ಕೊಟ್ಟು, ಬಂದ ಪುಟಗಳನ್ನೆಲ್ಲ ಒಟ್ಟುಗೂಡಿಸಿ ಅಂಕ ಹಾಕುವುದು ವಾಡಿಕೆ.

ಪೈಥಾನ್‌ನಲ್ಲಿ ಮಾಡುವುದಾದರೆ ತಪ್ಪಿಸಿಕೊಂಡ ಪುಟವನ್ನು ಕೊನೆಯ ಸ್ಥಾನದಲ್ಲಿಟ್ಟು ಸೇರಿಸಿ. y_true ನಾವು ಹಾಕಿದ ಅಂಕ, y_score ಪುಟಗಳು ಬಂದ ಕ್ರಮ, ಮೇಲಿದ್ದದ್ದಕ್ಕೆ ದೊಡ್ಡ ಸಂಖ್ಯೆ:

```python
from sklearn.metrics import ndcg_score
y_true  = [[1, 3, 0, 2, 0, 3]]
y_score = [[6, 5, 4, 3, 2, 1]]
print(round(ndcg_score(y_true, y_score, k=5), 3))
```

0.594 ಬರುತ್ತದೆ. ಕೊನೆಯ ಪುಟವನ್ನು ಎರಡೂ ಸಾಲಿನಿಂದ ತೆಗೆದು ಮತ್ತೆ ಓಡಿಸಿ ನೋಡಿ, 0.788 ಆಗಿಬಿಡುತ್ತದೆ.

ಕ್ರಮ ಬದಲಿಸಿ ನೋಡಿ

ಅಳತೆಯ ಸ್ವಭಾವ ತಿಳಿಯಬೇಕಾದರೆ ಪುಟಗಳನ್ನು ಅದಲುಬದಲು ಮಾಡಬೇಕು. ಮೊದಲ ಎರಡನ್ನು ಬದಲಿಸಿ 3, 1, 0, 2, 0 ಮಾಡಿದರೆ ಉತ್ತರ 0.594ರಿಂದ 0.710ಕ್ಕೆ ಏರುತ್ತದೆ. ಅದನ್ನು ಬಿಟ್ಟು ಮೂಲ ಪಟ್ಟಿಯ ಕೊನೆಯ ಎರಡನ್ನು ಬದಲಿಸಿ 1, 3, 0, 0, 2 ಮಾಡಿದರೆ 0.580ಕ್ಕೆ ಇಳಿಯುತ್ತದೆ. ಎರಡು ಕಡೆಯೂ ಬದಲಾದ ಪುಟಗಳ ನಡುವಿನ ವ್ಯತ್ಯಾಸ ಎರಡೇ ಅಂಕ. ಮೇಲೆ ಅದರ ಪರಿಣಾಮ ಸುಮಾರು 0.117, ಕೆಳಗೆ ಬರೀ 0.014.

ಇನ್ನೊಂದು ರೂಢಿಯೂ ಇದೆ. ಅಂಕ rel ಆದರೆ, ಅದನ್ನು ಇದ್ದ ಹಾಗೆ ತೆಗೆದುಕೊಳ್ಳದೆ 2^rel − 1 ಎಂದು ಹಿಗ್ಗಿಸುತ್ತಾರೆ. ಆಗ 1 ಹಾಗೇ ಉಳಿದು, 2 ಮೂರಾಗುತ್ತದೆ, 3 ಏಳಾಗುತ್ತದೆ. ಅತ್ಯುತ್ತಮ ಪುಟವನ್ನು ಮೇಲೆ ತರದಿದ್ದರೆ ದಂಡ ಜೋರು. ನಮ್ಮ ಅದೇ ಪಟ್ಟಿಗೆ ಈ ಸೂತ್ರದಲ್ಲಿ ಸಿಗುವುದು 0.503. ಪಟ್ಟಿ ಅದೇ, ಅಂಕ ಹಾಕಿದವರೂ ಅವರೇ, ಸೂತ್ರ ಮಾತ್ರ ಬೇರೆ. ಹಾಗಾಗಿ ಯಾರಾದರೂ ಬರಿಯ ಎನ್‌ಡಿಸಿಜಿ ಸಂಖ್ಯೆಯನ್ನು ಮುಂದಿಟ್ಟರೆ, ಯಾವ ಸೂತ್ರ, ಎಷ್ಟನೆಯ ಸ್ಥಾನದವರೆಗೆ ಎಂದು ಕೇಳದೆ ಹೋಲಿಸಲು ಹೋಗಬೇಡಿ. ಮೇಲಿನ ndcg_score ಹಿಗ್ಗಿಸುವುದಿಲ್ಲ. ರ‍್ಯಾಂಕಿಂಗ್ ಕಲಿಸುವ LightGBM ಪೂರ್ವನಿಗದಿಯಾಗಿ ಹಿಗ್ಗಿಸುತ್ತದೆ. ಒಂದರಲ್ಲಿ ತರಬೇತಿ ಕೊಟ್ಟು ಇನ್ನೊಂದರಲ್ಲಿ ಅಳೆದು, ಸಂಖ್ಯೆ ಯಾಕೆ ಹೊಂದುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವುದು ಇದರಿಂದಲೇ.

ಅಳತೆಗೆ ಕಾಣದ್ದು

ಪಟ್ಟಿಯ ತುದಿಗೆ ಎಷ್ಟು ಕಸ ಸೇರಿಸಿದರೂ ಎನ್‌ಡಿಸಿಜಿ ಇಳಿಯುವುದಿಲ್ಲ, ಸೊನ್ನೆ ಕೂಡಿದರೆ ಮೊತ್ತ ಬದಲಾಗದು. ಅಂಕವನ್ನೇ ಹಾಕದ ಪುಟವನ್ನು ಸಾಮಾನ್ಯವಾಗಿ ಸೊನ್ನೆ ಎಂದೇ ಹಿಡಿಯುತ್ತಾರೆ. ಇದರಿಂದ ಹೊಸ ವ್ಯವಸ್ಥೆಗೆ ಅನ್ಯಾಯವಾಗುತ್ತದೆ. ಹಳೆಯದಕ್ಕೆ ಸಿಗದಿದ್ದ ‘ಹಿಟ್ಟು’ ಪುಟವನ್ನು ಅದು ಮೊದಲ ಸ್ಥಾನಕ್ಕೆ ತಂದರೂ, ಯಾರೂ ಆ ಪುಟ ಓದಿ ಅಂಕ ಹಾಕಿರದಿದ್ದರೆ ಸಂಖ್ಯೆ ಕುಸಿಯುತ್ತದೆ. ಹೊಸ ವ್ಯವಸ್ಥೆಯ ಅಂಕ ಇದ್ದಕ್ಕಿದ್ದಂತೆ ಬಿದ್ದರೆ, ಮೊದಲ ಐದರಲ್ಲಿ ಅಂಕ ಹಾಕದ ಪುಟಗಳೆಷ್ಟಿವೆ ಎಂದು ಮೊದಲು ಎಣಿಸಿ.

ನನಗೆ ಹೆಚ್ಚು ಕಾಡುವುದು ತುಂಬು ಅಂಕ. ಒಂದು ಪ್ರಶ್ನೆಗೆ ತಾಣದಲ್ಲಿ ಇರುವುದೇ 1 ಅಂಕದ ಒಂದು ಅರೆಬರೆ ಪುಟ ಎಂದಾದರೆ, ಅದನ್ನು ಮೇಲಿಟ್ಟ ಪಟ್ಟಿಗೆ 1.0 ಸಿಗುತ್ತದೆ. ಹುಡುಕಿದವರಿಗೆ ಮಾತ್ರ ಮುದ್ದೆ ಮಾಡಲು ಬರುವುದಿಲ್ಲ. ಆ ಒಂದು ಪುಟವೂ ಇಲ್ಲದಿದ್ದರೆ ಆದರ್ಶ ಮೊತ್ತವೇ ಸೊನ್ನೆ, ಭಾಗಿಸುವಂತಿಲ್ಲ. ಕೆಲವರು ಅಂಥ ಪ್ರಶ್ನೆಯನ್ನು ಸರಾಸರಿಯಿಂದ ಕೈಬಿಡುತ್ತಾರೆ, ಇನ್ನು ಕೆಲವರು 0 ಎಂದು ಸೇರಿಸುತ್ತಾರೆ. ಯಾವುದನ್ನು ಮಾಡಿದರೂ, ಅಂಥ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡು ತಾಣದ ಸಂಪಾದಕರಿಗೆ ಕೊಡಿ. ಅಲ್ಲಿ ಬೇಕಿರುವುದು ಹೊಸ ಬರಹ, ರ‍್ಯಾಂಕಿಂಗ್ ತಿದ್ದುವುದರಿಂದ ಏನೂ ಆಗದು.