‘ಬಾಕಿ’ ಅಂತ ಬರೆದರೆ ಜನ ಮತ್ತೆ ದುಡ್ಡು ಹಾಕುತ್ತಾರೆ: ಪೇಮೆಂಟ್ ಸ್ಕ್ರೀನಿನ ಕನ್ನಡ, ನನ್ನ ಅನುಭವ

ಕಳೆದ ವರ್ಷ ಜೂನ್ 12, ಗುರುವಾರ. ದಾವಣಗೆರೆಯಲ್ಲಿ ಮಂಡಕ್ಕಿ-ಮಿರ್ಚಿ ಗಾಡಿ ಇಟ್ಟಿರುವ ನಮ್ಮ ಸೋದರಮಾವ ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಮಂಡಕ್ಕಿ ಭಟ್ಟಿಯವರ ಕ್ಯೂಆರ್ ಸ್ಕ್ಯಾನ್ ಮಾಡಿ 2,350 ರೂಪಾಯಿ ಹಾಕಿದ್ದರು. ಸ್ಕ್ರೀನಿನ ಮೇಲೆ ಹಳದಿ ಗಡಿಯಾರ, ಅದರ ಕೆಳಗೆ ‘ಪಾವತಿ ಬಾಕಿ ಇದೆ’, ಅದಕ್ಕೂ ಕೆಳಗೆ ಸಣ್ಣಕ್ಷರದಲ್ಲಿ ‘ಮೊತ್ತ ಕಡಿತಗೊಂಡಿದ್ದಲ್ಲಿ 3-5 ಕೆಲಸದ ದಿನಗಳಲ್ಲಿ ಮರುಪಾವತಿ ಮಾಡಲಾಗುವುದು’. ಹಿಂದೆಯೇ ಫೋನ್ ಬಂತು.

“ಲೋ, ಬಾಕಿ ಐತೆ ಅಂತ ತೋರಿಸ್ತು, ಅದಕ್ಕೆ ಇನ್ನೊಂದ್ಸಲ ಹಾಕ್ದೆ. ಈಗ ಮರುಪಾವತಿ ಅಂತನೂ ಐತಲ್ಲೋ. ಎಷ್ಟು ಸಲ ಕಟ್ಬೇಕು?”

ಆ ಸಾಲುಗಳನ್ನು ಬರೆದವನು ನಾನೇ. ಅದಕ್ಕೆ ಎಂಟು ತಿಂಗಳ ಹಿಂದೆ ಒಂದು ಏಜೆನ್ಸಿ ಮೂಲಕ ಬಂದ ಅನುವಾದದ ಕೆಲಸ. ಪದಕ್ಕೆ 1 ರೂಪಾಯಿ 60 ಪೈಸೆಯೋ ಏನೋ ರೇಟು. ಇಂಗ್ಲಿಷಿನಲ್ಲಿ ಹೀಗಿತ್ತು:

```
Payment pending. If amount is debited, it will be
refunded within 3-5 working days.
```

14 ಪದ, ಅಂದರೆ ಸುಮಾರು 22 ರೂಪಾಯಿಯ ಕೆಲಸ. ಎಕ್ಸೆಲ್ ಹಾಳೆಯಲ್ಲಿ ಬಂತು, ಸ್ಕ್ರೀನ್ ಹೇಗಿರುತ್ತದೆ ಅಂತ ಯಾರೂ ತೋರಿಸಲಿಲ್ಲ, ನಾನೂ ಕೇಳಲಿಲ್ಲ. ಆ ರಾತ್ರಿ ಮಾವನ ಮೊದಲನೇ ಪೇಮೆಂಟೂ ಭಟ್ಟಿಯವರಿಗೆ ತಲುಪಿತು, ಎರಡನೆಯದು ಮೊದಲೇ ತಲುಪಿತ್ತು. ಒಟ್ಟು 4,700 ಹೋಯಿತು. ಎರಡೂ ಯಶಸ್ವಿ ಅಂದಮೇಲೆ ಬ್ಯಾಂಕಿನಿಂದ ವಾಪಸ್ ಬರುವ ಮಾತೇ ಇಲ್ಲ. ಭಟ್ಟಿಯವರು ಪರಿಚಯದವರು, ಮುಂದಿನ ವಾರದ ಮಂಡಕ್ಕಿಗೆ ಸರಿ ಮಾಡಿಕೊಂಡರು. ಗೊತ್ತಿಲ್ಲದ ಅಂಗಡಿ ಆಗಿದ್ದರೆ ಆ ಹಣಕ್ಕೆ ಮಾವ ಅಲೆಯಬೇಕಿತ್ತು.

ಆಮೇಲೆ ಒಂದೊಂದೇ ಪದ ಹಿಡಿದು ಕೂತೆ. ‘ಬಾಕಿ’ ಅಂದರೆ ನಮ್ಮಲ್ಲಿ ಕೊಡಬೇಕಾದ ಸಾಲ. ಕಿರಾಣಿ ಅಂಗಡಿಯ ಪುಸ್ತಕದಲ್ಲಿ ಇರುವುದು ಅದೇ ಪದ, ಕರೆಂಟ್ ಬಿಲ್ಲಿನಲ್ಲೂ ಅದೇ. ‘ಮರುಪಾವತಿ’ಯನ್ನು ಸಾಲ ತೀರಿಸುವುದಕ್ಕೂ ಬಳಸುತ್ತೇವೆ, ಸ್ವಸಹಾಯ ಸಂಘದ ಸಭೆಯಲ್ಲಿ ವಾರ ವಾರ ಕೇಳುವ ಪದ ಅದು. ‘ಮಾಡಲಾಗುವುದು’ ಅಂತ ಬೇರೆ ಬರೆದರೆ ಯಾರು ಯಾರಿಗೆ ಕೊಡಬೇಕು ಅನ್ನುವುದೇ ಹಾರಿಹೋಯಿತು. ‘ಕಡಿತ’ ಅಂದರೆ ದಂಡ ಹಾಕಿ ಮುರಿದುಕೊಂಡ ಹಾಗೆ, ಸಂಬಳ ಕಡಿತ ಅನ್ನುತ್ತೇವಲ್ವಾ. ಮೂರೂ ಪದ ನಿಘಂಟಿನ ಪ್ರಕಾರ ಸರಿ. ಮೂರೂ ಸೇರಿದಾಗ ಸ್ಕ್ರೀನ್ ಹೇಳುತ್ತಿದ್ದದ್ದು: ನೀನು ಇನ್ನೂ ಕೊಡಬೇಕು, ನಿನಗೆ ದಂಡ ಬಿದ್ದಿದೆ, ಐದು ದಿನದಲ್ಲಿ ಕಟ್ಟು.

ಇದೇ ಆ್ಯಪ್‌ನ ಇನ್ನೊಂದು ಸ್ಕ್ರೀನಿನಲ್ಲಿ ‘ಫಲಾನುಭವಿ ಬ್ಯಾಂಕ್ ಲಭ್ಯವಿಲ್ಲ’ ಅಂತಿತ್ತು, ಅದೂ ನನ್ನದೇ. ಪಕ್ಕದ ಮನೆಯ ಅಕ್ಕ ಅದನ್ನು ಓದಿ ಗೃಹಲಕ್ಷ್ಮಿ ದುಡ್ಡು ನಿಂತುಹೋಯಿತಾ ಅಂತ ಕೇಳಿದರು. ಕರ್ನಾಟಕದಲ್ಲಿ ಫಲಾನುಭವಿ ಅಂದರೆ ಸರ್ಕಾರಿ ಯೋಜನೆಯವರೇ. ಅದನ್ನು ‘ಹಣ ಪಡೆಯುವವರ ಬ್ಯಾಂಕಿನಿಂದ ಉತ್ತರ ಬರುತ್ತಿಲ್ಲ’ ಅಂತ ಬದಲಿಸಿದೆ, ಅಲ್ಲಿಗೆ ಮುಗಿಯಿತು.

ಬಾಕಿ ಸುಲಭವಾಗಿ ಹೋಗಲಿಲ್ಲ. ಮೊದಲು ‘ಪೇಮೆಂಟ್ ಪೆಂಡಿಂಗ್’ ಅಂತ ಹಾಕಿ ನೋಡಿದೆ. ಎಲ್ಲರಿಗೂ ಗೊತ್ತಿರುವ ಪದ ಅಂದುಕೊಂಡಿದ್ದೆ. ಕಾಗದದ ಮೇಲೆ ಸ್ಕ್ರೀನ್ ಬರೆದುಕೊಂಡು ಗಾಡಿಯವರು, ಆಟೋದವರು, ಟೈಲರ್ ಅಂಗಡಿಯವರು ಹೀಗೆ 14 ಜನಕ್ಕೆ ತೋರಿಸಿ, ಈಗ ಏನು ಮಾಡುತ್ತೀರಿ ಅಂತ ಒಂದೇ ಪ್ರಶ್ನೆ ಕೇಳಿದೆ. ಒಂಬತ್ತೋ ಹತ್ತೋ ಜನ ಇನ್ನೊಂದ್ಸಲ ಹಾಕ್ತೀನಿ ಅಂದರು. ತಾಲೂಕು ಕಚೇರಿಯಲ್ಲಿ ಫೈಲು ಪೆಂಡಿಂಗ್ ಅಂದರೆ ಕೆಲಸ ಶುರುವೇ ಆಗಿಲ್ಲ ಅಂತ ಅರ್ಥ, ಹಾಗಾಗಿ ಇಲ್ಲೂ ದುಡ್ಡು ಹೋಗಿಲ್ಲ ಅಂತ ತಿಳಿದರು. ಮುಂದೆ ‘ಪ್ರಕ್ರಿಯೆಯಲ್ಲಿದೆ’ ಅಂತ ಹಾಕಿದೆ. ವಯಸ್ಸಾದವರು ಆ ಪದ ಬಿಟ್ಟು ಕೆಳಗಿನ ಬಟನ್ ಹುಡುಕಿದರು.

ಆಗ ಹೊಳೆಯಿತು. ಸ್ಥಿತಿಗೆ ಹೆಸರು ಹುಡುಕುವುದೇ ತಪ್ಪು, ಯಾರು ಏನು ಮಾಡಿಲ್ಲ ಅಂತ ಹೇಳಬೇಕು. ‘ಬ್ಯಾಂಕಿನಿಂದ ಇನ್ನೂ ಉತ್ತರ ಬಂದಿಲ್ಲ’. ಇದನ್ನು ಎಲ್ಲರೂ ಸರಿಯಾಗಿ ಓದಿದರು. ಅದರ ಮೇಲೆ ದಪ್ಪಕ್ಷರದಲ್ಲಿ ಒಂದು ತಲೆಸಾಲು ಬೇಕಿತ್ತು. ‘ಈ ಹಣವನ್ನು ಮತ್ತೊಮ್ಮೆ ಕಳಿಸಬೇಡಿ’ ಅಂತ ಕೊಟ್ಟೆ. ಟೆಸ್ಟ್ ಬಿಲ್ಡ್, ಅಂದರೆ ಆ್ಯಪ್ ಅನ್ನು ಪರೀಕ್ಷಿಸಿ ನೋಡುವ ರೂಪ, ಬಂತು. ಮಾವನ ಫೋನ್ ಸಣ್ಣದು, ಕಣ್ಣಿಗೆ ಕಾಣಲಿ ಅಂತ ಅಕ್ಷರದ ಸೈಜ್ ದೊಡ್ಡದು ಮಾಡಿಕೊಂಡಿದ್ದಾರೆ. ಅದರಲ್ಲಿ ಕಂಡದ್ದು ಹೀಗೆ:

```
ಈ ಹಣವನ್ನು ಮತ್ತೊಮ್ಮೆ ಕಳಿಸ…
```

ಇಂಗ್ಲಿಷಿನಲ್ಲಿ ಬೇಡ ಅನ್ನುವ ಮಾತು ಸಾಲಿನ ಮೊದಲೇ ಬರುತ್ತದೆ, ಬಾಲ ಕತ್ತರಿಸಿದರೂ ಉಳಿಯುತ್ತದೆ. ನಮ್ಮ ‘ಬೇಡಿ’, ‘ಇಲ್ಲ’ ಎಲ್ಲ ಕೊನೆಯಲ್ಲಿ. ಸ್ಕ್ರೀನ್ ಸಾಲನ್ನು ಕತ್ತರಿಸಿದರೆ ಮೊದಲು ಹೋಗುವುದು ಅದೇ, ಮತ್ತು ಅರ್ಥ ಪೂರಾ ಉಲ್ಟಾ. ಈ ಕೆಲಸ ಮಾಡುವವರು ಒಮ್ಮೆ ನಿಮ್ಮ ಹಳೇ ಸಾಲುಗಳನ್ನೆಲ್ಲ ಕೊನೆಯ ನಾಲ್ಕು ಅಕ್ಷರ ಮುಚ್ಚಿ ಓದಿ ನೋಡಿ. ನಾನು ಹಾಗೆ ನೋಡಿದಾಗ ನನ್ನದರಲ್ಲೇ ಹದಿನೈದಕ್ಕೂ ಜಾಸ್ತಿ ಸಿಕ್ಕವು. ಕೊನೆಗೆ ‘ಸ್ವಲ್ಪ ಕಾಯಿರಿ, ಮತ್ತೆ ಕಳಿಸಬೇಡಿ’ ಅಂತ ಮಾಡಿದೆ. ಎಲ್ಲಿ ಕತ್ತರಿಸಿದರೂ ‘ಕಾಯಿರಿ’ ಉಳಿಯುತ್ತದೆ.

ಇನ್ನು ದಿನಗಳ ಲೆಕ್ಕ. ಜಗಳ ಆದದ್ದು ಇಲ್ಲೇ. ‘ಕೆಲಸದ ದಿನ’ ಅಂದರೆ ಗಾರೆ ಕೆಲಸದವರಿಗೆ ಅವರು ಕೆಲಸಕ್ಕೆ ಹೋದ ದಿನ. ‘3-5’ ಅಂದರೆ ಕೆಲವರು ಮೂರನೇ ತಾರೀಖಿನಿಂದ ಐದನೇ ತಾರೀಖು ಅಂತ ಓದಿದರು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ ತೆಗೆದು ನೋಡಿದೆ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ಹಣ ಖಾತೆಯಿಂದ ಹೋಗಿ ಅತ್ತ ಸೇರದಿದ್ದರೆ T+1ರೊಳಗೆ ವಾಪಸ್. ಅಂಗಡಿಗೆ ಕೊಟ್ಟದ್ದು ಖಾತೆಯಿಂದ ಹೋಗಿ ಅಲ್ಲಿ ಖಾತ್ರಿ ಆಗದಿದ್ದರೆ T+5. ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗ್ರಾಹಕರು ದೂರು ಕೊಡುವವರೆಗೂ ಕಾಯದೆ. T ಅಂದರೆ ವಹಿವಾಟು ನಡೆದ ದಿನ, ಕ್ಯಾಲೆಂಡರ್ ತಾರೀಖು ಅಂತ ಅದರಲ್ಲೇ ಬರೆದಿದೆ. ಅಂದರೆ ಎರಡು ಬೇರೆ ಬೇರೆ ಗಡುವುಗಳನ್ನು ಇಂಗ್ಲಿಷ್ ಬರೆದವರು ಒಂದೇ ಸಾಲಿಗೆ ತುಂಬಿದ್ದರು, ‘ಕೆಲಸದ ದಿನ’ ಅಂತ ತಾವೇ ಸೇರಿಸಿದ್ದರು.

ಎರಡು ಸಾಲು ಮಾಡಿ, ದಿನಗಳ ಬದಲು ತಾರೀಖನ್ನೇ ತೋರಿಸಿ ಅಂದೆ. ಏಜೆನ್ಸಿಯವರು ಅನುವಾದಕರಿಗೆ ಇದೆಲ್ಲ ಯಾಕೆ ಅಂದರು. ಆ್ಯಪ್ ತಂಡದವರು ಸ್ಟ್ರಿಂಗ್, ಅಂದರೆ ಸ್ಕ್ರೀನಿನ ಆ ಸಾಲನ್ನು, ಒಡೆಯಲು ಆಗುವುದಿಲ್ಲ ಅಂದರು. ಈ ಕ್ಷೇತ್ರದಲ್ಲಿ ನನಗಿಂತ ಹಿರಿಯರೊಬ್ಬರು ‘ವಾಪಸ್’ ಕನ್ನಡವೇ ಅಲ್ಲ, ‘ಹಿಂತಿರುಗಿಸಲಾಗುವುದು’ ಅಂತ ಬರೆಯಿರಿ ಅಂದರು. ಮತ್ತೆ ಅದೇ 14 ಜನರ ಹತ್ತಿರ ಹೋದೆ. ‘ವಾಪಸ್ ಬರುತ್ತದೆ’ ಎಲ್ಲರಿಗೂ ಓದಿದ ಕೂಡಲೇ ತಿಳಿಯಿತು. ಇನ್ನೊಂದಕ್ಕೆ ಇಬ್ಬರು ಯಾರು ಹಿಂತಿರುಗಿಸಬೇಕು ಅಂತ ಕೇಳಿದರು. ಸಾಕಿತ್ತು ನನಗೆ.

ತಾರೀಖಿಗೆ ವಿಭಕ್ತಿ ಅಂಟಿಸುವುದು ನಿಮಗೆಲ್ಲ ಗೊತ್ತಿರುವ ತಲೆನೋವು. ಸಿಸ್ಟಮ್ಮಿನಿಂದ ತಾರೀಖು ಹೇಗೆ ಬರುತ್ತದೋ ಗೊತ್ತಿರುವುದಿಲ್ಲ, ‘ಜೂನ್’ಗೆ ಅಂಟಿಸಬೇಕಾ 17ಕ್ಕೆ ಅಂಟಿಸಬೇಕಾ. ನಾನು ವಾರದ ಹೆಸರನ್ನು ಕೊನೆಗೆ ತಂದೆ. ಏಳೂ ‘ವಾರ’ ಅಂತಲೇ ಮುಗಿಯುತ್ತವೆ, ಹಾಗಾಗಿ ‘ದೊಳಗೆ’ ಯಾವತ್ತೂ ಸರಿಹೊಂದುತ್ತದೆ. ಹೆಸರಿನ ಮುಂದೆ ‘ಅವರಿಗೆ’ ಇಟ್ಟರೆ ರವಿಗೆ, ಸುರೇಶನಿಗೆ ಅನ್ನುವ ಗೋಜಿಲ್ಲ. ಅಂಗಡಿ ಪೇಮೆಂಟಿಗೆ ಕೊನೆಗೆ ನಿಂತ ಸಾಲು:

```
ಸ್ವಲ್ಪ ಕಾಯಿರಿ, ಮತ್ತೆ ಕಳಿಸಬೇಡಿ
ಬ್ಯಾಂಕಿನಿಂದ ಇನ್ನೂ ಉತ್ತರ ಬಂದಿಲ್ಲ. ನಿಮ್ಮ ಖಾತೆಯಿಂದ
ಹಣ ಹೋಗಿದ್ದರೆ ಅದು %1$s ಅವರಿಗೆ ತಲುಪುತ್ತದೆ, ಇಲ್ಲವೇ
%2$s, %3$sದೊಳಗೆ ಇದೇ ಖಾತೆಗೆ ವಾಪಸ್ ಬರುತ್ತದೆ.
```

%1$s ಇರುವಲ್ಲಿ ಹಣ ಪಡೆಯುವವರ ಹೆಸರು, %2$s ಇರುವಲ್ಲಿ ತಾರೀಖು, %3$s ಇರುವಲ್ಲಿ ವಾರದ ಹೆಸರು ಬಂದು ಕೂರುತ್ತವೆ. ಮಾವನ ಜೂನ್ 12ರ ಪೇಮೆಂಟಿಗೆ ಇದು ‘ಜೂನ್ 17, ಮಂಗಳವಾರದೊಳಗೆ’ ಅಂತ ತೋರಿಸುತ್ತಿತ್ತು. ಗುರುವಾರ T, ಮರುದಿನದಿಂದ ಐದು. ‘ತಲುಪುತ್ತದೆ, ಇಲ್ಲವೇ’ ಅನ್ನುವುದು ಮೂಲ ಇಂಗ್ಲಿಷಿನಲ್ಲಿ ಇರಲೇ ಇಲ್ಲ. ಅವರ 4,700 ಹೋದದ್ದು ಅದು ಇಲ್ಲದ್ದಕ್ಕೇ. ಕಾಯುತ್ತಿರುವ ಪೇಮೆಂಟ್ ಯಶಸ್ವಿಯೂ ಆಗಬಹುದು ಅಂತ ಸ್ಕ್ರೀನ್ ಹೇಳಲೇಬೇಕು. ಖಚಿತವಾಗಿ ಫೇಲ್ ಆದಾಗಿನ ಸ್ಕ್ರೀನ್ ಬೇರೆ, ಅಲ್ಲಿ ಮತ್ತೆ ಪ್ರಯತ್ನಿಸಿ ಅಂತ ಧಾರಾಳವಾಗಿ ಹೇಳಬಹುದು. ಉದಾಹರಣೆಗೆ Z9 ಕೋಡ್ ಬಂದರೆ ಖಾತೆಯಲ್ಲಿ ಹಣ ಸಾಲದು ಅಷ್ಟೇ, ಅಲ್ಲಿ ವಾಪಸ್ಸಿನ ಸಾಲು ಹಾಕಿದರೆ ಸುಮ್ನೆ ಹೆದರಿಸಿದ ಹಾಗೆ.

ನಡುವೆ ಒಂದಷ್ಟು ದಿನ ಬೇರೆ ದಾರಿ ಹಿಡಿದಿದ್ದೆ. ‘ಹಣ’ ಬೇಡ, ‘ದುಡ್ಡು’ ಅಂತ ಇಡೋಣ ಅನ್ನಿಸಿತು. ಧಾರವಾಡದ ಗೆಳೆಯ ನಮ್ಮ ಕಡೆ ‘ರೊಕ್ಕ’ ಅಂದ. ಮೂರನ್ನೂ ಬರೆದು ತೋರಿಸಿದೆ. ಮಾತಿನಲ್ಲಿ ಏನೇ ಅಂದರೂ ಬ್ಯಾಂಕಿನ ಸ್ಕ್ರೀನಿನಲ್ಲಿ ‘ದುಡ್ಡು’ ನೋಡಿದ ಜನ ಇದು ಫ್ರಾಡ್ ಮೆಸೇಜಾ ಅಂತ ಅನುಮಾನ ಪಟ್ಟರು. ‘ಹಣ’ ಉಳಿಯಿತು. ‘ಕಟ್ ಆಗಿದ್ದರೆ’ ಕೂಡ ನನಗೆ ಇಷ್ಟವಿತ್ತು, ಬ್ಯಾಂಕಿನ ಕಾನೂನು ವಿಭಾಗದವರು ಬಿಡಲಿಲ್ಲ, ‘ಹೋಗಿದ್ದರೆ’ಗೆ ಒಪ್ಪಿದರು. ದಿನಕ್ಕೆ 100 ರೂಪಾಯಿಯ ಸಾಲನ್ನು ಸ್ಕ್ರೀನಿಗೆ ತರಲು ತುಂಬ ಹೋರಾಡಿದೆ. ಸಹಾಯ ಪುಟದವರೆಗೆ ಮಾತ್ರ ಬಂತು. ಅದು ಸಾಲದು ಅನ್ನುವುದೇ ನನ್ನ ಅಭಿಪ್ರಾಯ.

ಹಣದ ವಿಷಯಕ್ಕೆ ಬಂದರೆ, ಈ ಎರಡು ಸ್ಕ್ರೀನಿಗೆ ಮೂರು ವಾರ ಹಿಡಿಯಿತು. ಪದದ ಲೆಕ್ಕದಲ್ಲಿ ಐವತ್ತು ರೂಪಾಯಿಯೂ ಆಗುತ್ತಿರಲಿಲ್ಲ. ಗಂಟೆಯ ಲೆಕ್ಕಕ್ಕೆ ಬದಲಿಸಿ 22,000ದ ಬಿಲ್ ಹಾಕಿದೆ, ಎಪ್ಪತ್ತು ದಿನ ಸತಾಯಿಸಿ ಕೊಟ್ಟರು. ಹೊಸ ಸಾಲು ಹೋದ ಮೇಲೆ ಕನ್ನಡದಲ್ಲಿ ಬಳಸುವವರಿಂದ ಎರಡು ಸಲ ಕಟ್ಟಿದ ದೂರು ಕಡಿಮೆಯಾಯಿತು ಅಂತ ಆ್ಯಪ್ ತಂಡದವರೇ ಫೋನ್ ಮಾಡಿ ಹೇಳಿದರು. ಸ್ಟ್ರಿಂಗ್ ಒಡೆಯಲು ಆಗುವುದಿಲ್ಲ ಅಂದವರೇ ಈಗ ಇಂಗ್ಲಿಷ್ ಸ್ಕ್ರೀನನ್ನೂ ನನ್ನ ಕನ್ನಡ ನೋಡಿ ತಿದ್ದಿಕೊಂಡಿದ್ದಾರೆ. ಆ 14 ಜನರನ್ನು ಹೇಗೆ ಆರಿಸಿಕೊಂಡೆ, ಪ್ರಶ್ನೆ ಯಾವ ಕ್ಷಣದಲ್ಲಿ ಕೇಳಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಈಗ ಕೈಯಲ್ಲಿರುವುದು ಸ್ಕ್ರೀನಿನ ಕೆಳಗಿನ 12 ಅಂಕಿಯ ನಂಬರು. ನಾನು ಮೊದಲು ಅದನ್ನು ‘ಉಲ್ಲೇಖ ಸಂಖ್ಯೆ’ ಅಂತ ಮಾಡಿದ್ದೆ. ಬ್ರಾಂಚಿಗೆ ಹೋದರೆ ಕೌಂಟರಿನವರು ಕೇಳುವುದು ಯುಟಿಆರ್ ನಂಬರ್ ಹೇಳಿ ಅಂತ. ಮಾವ ಸ್ಕ್ರೀನಿನಲ್ಲಿ ಆ ಪದ ಹುಡುಕಿ ಸಿಗದೆ ಫೋನನ್ನೇ ಗಾಜಿನ ಕೆಳಗಿನಿಂದ ಒಳಗೆ ಕೊಟ್ಟಿದ್ದರಂತೆ. ‘ಯುಟಿಆರ್ ನಂಬರ್’ ಅಂತಲೇ ಇಡಿ, ಪಕ್ಕದಲ್ಲಿ ‘ಬ್ಯಾಂಕಿನಲ್ಲಿ ಇದನ್ನು ಹೇಳಿ’ ಅಂತ ಬರೆಯಿರಿ ಅಂತ ಹೋದ ವಾರ ಕಳಿಸಿದ್ದೇನೆ, ಇನ್ನೂ ಉತ್ತರ ಬಂದಿಲ್ಲ.