ಪಂಪ್ ಸದ್ದು ಕೇಳುತ್ತೆ, ಗಾಜಿಗೆ ನೀರು ಬೀಳಲ್ಲ: ವಾಷರ್ ಲೈನನ್ನು ನಾನು ಸರಿಮಾಡಿದ ಬಗೆ

ವೈಪರ್ ಲಿವರ್ ಎಳೆದಾಗ ಪಂಪ್ ತಿರುಗುವ ಸದ್ದು ಕೇಳಿಸುತ್ತಿದ್ದರೆ ಫ್ಯೂಸ್, ಸ್ವಿಚ್, ವೈರುಗಳ ಗೊಡವೆಗೆ ಹೋಗಬೇಕಿಲ್ಲ. ಕರೆಂಟ್ ಮೋಟಾರಿನವರೆಗೂ ಬರುತ್ತಿದೆ. ಟ್ಯಾಂಕಿನಲ್ಲಿ ನೀರಿದೆಯೇ ಎಂದು ಮೊದಲು ನೋಡಿ. ಇದ್ದೂ ಬರುತ್ತಿಲ್ಲವೆಂದರೆ ತೊಂದರೆ ಇರುವುದು ನೀರು ಹರಿಯುವ ದಾರಿಯಲ್ಲಿ. ಟ್ಯಾಂಕಿನ ತಳದಲ್ಲಿ ಪಂಪ್, ಅದರ ಬಾಯಿಗೆ ಒಂದು ಪುಟ್ಟ ಜಾಲರಿ, ಅಲ್ಲಿಂದ ಬಾನೆಟ್‌ವರೆಗೆ ತೆಳು ಪೈಪು, ಕವಲಾಗುವಲ್ಲಿ ಒಂದು ಟೀ ಜಾಯಿಂಟ್, ಕೊನೆಗೆ ಎರಡು ನಾಝಲ್. ಇಷ್ಟೇ ದಾರಿ.

ಹೆಚ್ಚಿನವರು ನೇರವಾಗಿ ನಾಝಲ್‌ಗೆ ಸೂಜಿ ಹಾಕುತ್ತಾರೆ. ಎರಡು ದಿನ ನೀರು ಬರುತ್ತದೆ, ಮತ್ತೆ ನಿಲ್ಲುತ್ತದೆ. ತಳದಲ್ಲಿ ಕೂತ ಲೋಳೆ ಹಾಗೇ ಇರುವುದರಿಂದ ಅದು ಮೇಲೆ ಬಂದು ಅದೇ ತೂತಿಗೆ ಮತ್ತೆ ಸಿಕ್ಕಿಕೊಳ್ಳುತ್ತದೆ. ನನ್ನ ಕ್ರಮ ಬೇರೆ: ದೋಷ ಎಲ್ಲಿದೆ ಎಂದು ಹುಡುಕುವುದು ದಾರಿಯ ನಡುವಿನಿಂದ, ತೊಳೆಯುವುದು ಟ್ಯಾಂಕಿನಿಂದ ಮೇಲಕ್ಕೆ.

ಹಿಂದಿನ ಗಾಜಿಗೂ ವಾಷರ್ ಇರುವ ಹ್ಯಾಚ್‌ಬ್ಯಾಕ್ ಒಂದರಲ್ಲಿ ಹೀಗೆ ಕೆಲಸ ಮಾಡಿದೆ. ಡ್ರೈವರ್ ಕಡೆಯ ನಾಝಲ್‌ನಿಂದ ಹನಿಯೂ ಇಲ್ಲ, ಎಡಗಡೆಯದು ಬಾನೆಟ್ ಮೇಲೆಯೇ ಜೊಲ್ಲಿನಂತೆ ಸುರಿಸುತ್ತಿತ್ತು. ಇಂಥ ಗಾಡಿಯಲ್ಲಿ ಮೊದಲು ಹಿಂದಿನ ಗಾಜಿಗೆ ನೀರು ಹಾಯಿಸಿ ನೋಡಬೇಕು. ಬಹಳಷ್ಟು ಹ್ಯಾಚ್‌ಬ್ಯಾಕ್‌ಗಳಲ್ಲಿ ಮುಂದಕ್ಕೂ ಹಿಂದಕ್ಕೂ ಒಂದೇ ಪಂಪ್ ಇರುತ್ತದೆ. ಮೋಟಾರು ಒಂದು ದಿಕ್ಕಿಗೆ ತಿರುಗಿದರೆ ನೀರು ಮುಂದಕ್ಕೆ, ಇನ್ನೊಂದು ದಿಕ್ಕಿಗೆ ತಿರುಗಿದರೆ ಹಿಂದಕ್ಕೆ. ಹಿಂದೆ ಜೋರಾಗಿ ಬಂದರೆ ಟ್ಯಾಂಕ್, ಜಾಲರಿ ಚೆನ್ನಾಗಿವೆ ಎಂದು ಅಲ್ಲಿಗೇ ತಿಳಿಯುತ್ತದೆ. ಇಲ್ಲಿ ಹಿಂದೆಯೂ ಸೊರಗಿದ ಧಾರೆ. ಅಂದರೆ ಎರಡಕ್ಕೂ ಹೊಂದಿದ ಜಾಗದಲ್ಲಿ, ಜಾಲರಿಯ ಹತ್ತಿರವೇ, ಅಡ್ಡಿ ಇರಬೇಕು.

ಅದನ್ನು ಖಚಿತಪಡಿಸಿಕೊಳ್ಳಲು ಬಾನೆಟ್ ಎತ್ತಿ, ಟೀ ಜಾಯಿಂಟಿಗೆ ಬರುವ ಪೈಪನ್ನು ಕಳಚಿ ಅದರ ತುದಿಯನ್ನು ಒಂದು ಲೋಟಕ್ಕೆ ಹಿಡಿಯಿರಿ. ಇನ್ನೊಬ್ಬರು ಲಿವರ್ ಎಳೆಯಲಿ. ನಾಝಲ್ ಇಲ್ಲದೆ ಬಿಚ್ಚಿದ ಪೈಪಿನಿಂದ ನೀರು ಒಂದು ಮೊಳದಷ್ಟಾದರೂ ದೂರ ಚಿಮ್ಮಬೇಕು, ಹತ್ತು ಸೆಕೆಂಡಿಗೆ ಲೋಟ ತುಂಬುವಷ್ಟು ಬರಬೇಕು. ಅಷ್ಟು ಬಂದರೆ ತಪ್ಪು ಮುಂದಿನ ನಾಝಲ್‌ಗಳದ್ದು. ಬರದಿದ್ದರೆ ಹಿಂದಕ್ಕೆ ಹೋಗಬೇಕು. ನೀರು ಎಳೆಯದಿರುವಾಗ ಪಂಪನ್ನು ಒಮ್ಮೆಗೆ ಐದಾರು ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ. ಒಳಗಿನ ಸೀಲನ್ನು ನೆನೆಸಿಡುವುದು ಆ ನೀರೇ.

ಈ ಗಾಡಿಯಲ್ಲಿ ಲೋಟದ ತಳ ಮುಚ್ಚುವಷ್ಟೂ ಬರಲಿಲ್ಲ. ಹಾಗಾಗಿ ಕೆಲಸ ಟ್ಯಾಂಕಿನಿಂದಲೇ ಶುರು. ಪಂಪ್ ಸಾಮಾನ್ಯವಾಗಿ ಮುಂದಿನ ಚಕ್ರದ ಮುಂಭಾಗದಲ್ಲಿ, ಪ್ಲಾಸ್ಟಿಕ್ ಹೊದಿಕೆಯ ಹಿಂದೆ ಅಡಗಿರುತ್ತದೆ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಹೊದಿಕೆಯ ಮುಂಭಾಗದ ಕ್ಲಿಪ್‌ಗಳನ್ನು ತೆಗೆದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಪಂಪ್ ಕಿತ್ತ ಕೂಡಲೇ ಟ್ಯಾಂಕಿನಲ್ಲಿರುವಷ್ಟೂ ನೀರು ಧುಮುಕುವುದರಿಂದ ಕೆಳಗೆ ಬಕೆಟ್ ಇಟ್ಟುಕೊಳ್ಳಿ. ವೈರಿನ ಸಾಕೆಟ್, ಪೈಪು ಎರಡನ್ನೂ ಮೊದಲು ಬಿಡಿಸಿ; ಎರಡು ಪೈಪು ಇದ್ದರೆ ಯಾವುದು ಯಾವ ಬಾಯಿಗೆ ಎಂದು ಟೇಪು ಸುತ್ತಿ ಗುರುತು ಮಾಡಿ, ಅದಲುಬದಲಾದರೆ ಮುಂದಿನ ಲಿವರ್ ಎಳೆದಾಗ ಹಿಂದಿನ ಗಾಜು ಒದ್ದೆಯಾಗುತ್ತದೆ. ಆಮೇಲೆ ಪಂಪನ್ನು ಅತ್ತಿತ್ತ ಅಲುಗಿಸುತ್ತ ಎಳೆಯಿರಿ. ಅದನ್ನು ಹಿಡಿದಿರುವುದು ಒಂದು ರಬ್ಬರ್ ಬುಷ್ ಮಾತ್ರ.

ಜಾಲರಿ ಹೆಚ್ಚಾಗಿ ಆ ಬುಷ್‌ನ ಒಳತುದಿಯಲ್ಲೇ ಇರುತ್ತದೆ. ಇಲ್ಲಿ ಅದರ ಮೇಲೆ ಬೂದು ಬಣ್ಣದ, ಲೋಳೆಸರದಂತೆ ಜಾರುವ ಪದರ ಕೂತಿತ್ತು. ಬೋರ್‌ವೆಲ್ ನೀರಿಗೆ ಪಾತ್ರೆ ತೊಳೆಯುವ ಸೋಪೋ ಶಾಂಪೂವೋ ಹಾಕಿದರೆ ಆಗುವುದು ಇದೇ. ಸೋಪು ಗಡಸು ನೀರಿನ ಸುಣ್ಣದೊಡನೆ ಸೇರಿ ಕರಗದ ಕೆನೆಯಾಗುತ್ತದೆ, ಅದರ ಮೇಲೆ ಪಾಚಿ ಬೆಳೆಯುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಗುರುಬೆಚ್ಚಗಿನ ನೀರಿನಲ್ಲಿ ಉಜ್ಜಿದರೆ ಜಾಲರಿ ಶುದ್ಧವಾಗುತ್ತದೆ. ಜಾಲರಿಯನ್ನೇ ಕಿತ್ತು ಬಿಸಾಡುವ ಮೆಕ್ಯಾನಿಕ್‌ಗಳಿದ್ದಾರೆ. ಹಾಗೆ ಮಾಡಬಾರದು, ಕಸ ನೇರ ನಾಝಲ್‌ಗೆ ಹೋಗುತ್ತದೆ. ಪಂಪ್ ಇಲ್ಲದ ತೂತಿನಿಂದ ಸ್ವಚ್ಛ ನೀರು ಹೊರಬರುವವರೆಗೆ ಟ್ಯಾಂಕಿಗೆ ಮೇಲಿನಿಂದ ನೀರು ಸುರಿಯುತ್ತಲೇ ಇರಿ. ಬುಷ್ಷನ್ನು ಒದ್ದೆ ಮಾಡಿ ಕೂರಿಸಿದರೆ ಪಂಪ್ ಸಲೀಸಾಗಿ ಒಳಹೋಗುತ್ತದೆ. ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ.

ಇಷ್ಟಾದ ಮೇಲೆ ಹಿಂದಿನ ಧಾರೆ ಜೋರಾಯಿತು, ಮುಂದಿನದು ಆಗಲಿಲ್ಲ. ಪಂಪ್ ಓಡುವಾಗ ಬಾನೆಟ್ ಹಿಂಜ್‌ನ ಬುಡದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಬಾನೆಟ್ ಎತ್ತಿ ಇಳಿಸಿದಾಗಲೆಲ್ಲ ಪೈಪು ಮಡಚುವುದು ಅಲ್ಲೇ. ಎಂಜಿನ್ ಶಾಖಕ್ಕೆ ರಬ್ಬರ್ ಗಟ್ಟಿಯಾಗಿ ಉದ್ದಕ್ಕೆ ಸೀಳುತ್ತದೆ. ಇಲಿ ಕಚ್ಚಿದ್ದರೆ ಅಂಚು ಹರಕುಹರಕಾಗಿರುತ್ತದೆ, ಆಗ ಪಕ್ಕದ ವೈರುಗಳನ್ನೂ ನೋಡಿಕೊಳ್ಳಬೇಕು. ಸೀಳಿಗೆ ಇನ್ಸುಲೇಷನ್ ಟೇಪು ಸುತ್ತುವುದು ವ್ಯರ್ಥ. ಒತ್ತಡಕ್ಕೆ ಅಂಟು ಬಿಡುತ್ತದೆ. ಸೀಳಿನ ಎರಡೂ ಕಡೆ ಚೆನ್ನಾಗಿರುವ ಜಾಗದವರೆಗೆ ಬ್ಲೇಡಿನಿಂದ ನೇರಕ್ಕೆ ಕತ್ತರಿಸಿ, ನಡುವೆ ಹೊಸ ತುಂಡು ಸೇರಿಸಬೇಕು. ಸಾಮಾನ್ಯ ಪೈಪಿನ ಒಳ ಅಳತೆ ಸುಮಾರು 4 ಮಿ.ಮೀ.; ಅಕ್ವೇರಿಯಂ ಅಂಗಡಿಯ ಗಾಳಿ ಪೈಪು, ಅದರ ಪ್ಲಾಸ್ಟಿಕ್ ಜಾಯಿಂಟುಗಳು ಇದಕ್ಕೆ ಹೊಂದುತ್ತವೆ. ಹಳೇ ತುಂಡನ್ನು ಕೈಯಲ್ಲಿ ಒಯ್ದು ಹೊಂದಿಸಿ ನೋಡಿ ಕೊಳ್ಳಿ. ತುದಿಯನ್ನು ಬಿಸಿನೀರಲ್ಲಿ ಅದ್ದಿದರೆ ಜಾಯಿಂಟ್ ಮೇಲೆ ಏರುತ್ತದೆ. ಬಾನೆಟ್ ಪೂರ್ತಿ ಎತ್ತಿದಾಗಲೂ ಪೈಪು ಬಿಗಿಯಾಗದಷ್ಟು ಸಡಿಲ ಬಿಡಿ, ಆದರೆ ಇಳಿಸಿದಾಗ ಹಿಂಜ್‌ಗೆ ಸಿಕ್ಕಿ ಜಜ್ಜದಂತೆಯೂ ನೋಡಿ. ಲೈನಿನಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಸಣ್ಣ ವಾಲ್ವ್ ಇದ್ದರೆ ಅದರ ಬಾಣದ ಗುರುತು ನಾಝಲ್ ಕಡೆಗಿರಬೇಕು. ತಿರುಗುಮುರುಗಾದರೆ ಹನಿಯೂ ದಾಟುವುದಿಲ್ಲ.

ಪೈಪು ಸೇರಿಸಿ, ನಾಝಲ್‌ಗಳಿಗೆ ಹೋಗುವ ಕವಲುಗಳನ್ನು ಬಿಚ್ಚಿ, ಎರಡು ಕವಲಿನಿಂದಲೂ ಸ್ವಲ್ಪ ನೀರು ಹೊರಗೆ ಬಿಟ್ಟ ಮೇಲಷ್ಟೇ ನಾಝಲ್ ಕೆಲಸ. ಡ್ರೈವರ್ ಕಡೆಯದರ ಬಾಯಲ್ಲಿ ಬಿಳಿ ಉಪ್ಪು ಕಟ್ಟಿತ್ತು. ಒಳಗಡೆಯ ಲಾಕ್ ಒತ್ತಿ ನಾಝಲ್ ಹೊರತೆಗೆದು, ಬಿಳಿ ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿದರೆ ಸುಣ್ಣ ಕರಗುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಬಳಸಬೇಡಿ, ಪೇಂಟಿಗೆ ತಾಗಿದರೆ ಕಲೆ ಉಳಿಯುತ್ತದೆ. ನೆನೆದ ಮೇಲೆ ಸೂಜಿ ಇಲ್ಲದ ಸಿರಿಂಜಿನಿಂದ ಬಾಯಿಯ ಕಡೆಯಿಂದ ಹಿಂದಕ್ಕೆ ನೀರು ಒತ್ತಬೇಕು. ಕಸ ಬಂದ ದಾರಿಯಲ್ಲೇ ವಾಪಸ್ ಹೋಗಲಿ. ಮುಂದಕ್ಕೆ ನೂಕಿದರೆ ಇನ್ನಷ್ಟು ಬಿಗಿಯಾಗುತ್ತದೆ. ಬಾಯಲ್ಲಿ ತಿರುಗುವ ಸಣ್ಣ ಗುಂಡು ಇರುವ ನಾಝಲ್‌ಗೆ ತೆಳುವಾದ ಹೊಲಿಗೆ ಸೂಜಿಯನ್ನು ಹಗುರವಾಗಿ ಹಾಕಬಹುದು. ಬೀಸಣಿಗೆಯಂತೆ ನೀರು ಹರಡುವ ನಾಝಲ್‌ಗೆ ಮಾತ್ರ ಸೂಜಿ ಬೇಡವೇ ಬೇಡ, ಒಳಗಿನ ಸೂಕ್ಷ್ಮ ಕಾಲುವೆ ಗೀರಿದರೆ ಅದು ಮತ್ತೆ ಸರಿಯಾಗಿ ಹರಡುವುದಿಲ್ಲ.

ಗುಂಡಿನ ನಾಝಲ್ ಆದರೆ ಅದೇ ಸೂಜಿಯನ್ನು ತೂತಿನಲ್ಲಿಟ್ಟು ಗುಂಡನ್ನು ಕೂದಲೆಳೆಯಷ್ಟು ತಿರುಗಿಸಿ ಗುರಿ ಹೊಂದಿಸಬಹುದು. ಗಾಡಿ ನಿಂತಿರುವಾಗ ನೀರು ಗಾಜಿನ ನಡುಮಟ್ಟಕ್ಕಿಂತ ತುಸು ಮೇಲೆ ಬೀಳಬೇಕು. ಓಡುವಾಗ ಗಾಳಿ ಅದನ್ನು ಕೆಳಕ್ಕೆ ತಳ್ಳುತ್ತದೆ. ಆಮೇಲೆ ಟ್ಯಾಂಕಿಗೆ ಆರ್‌ಒ ನೀರು ಹಾಕಿ, ಗಾಜಿಗೆಂದೇ ಮಾರುವ ವಾಷರ್ ದ್ರವವನ್ನು ಬಾಟಲಿಯ ಮೇಲಿನ ಅಳತೆಯಂತೆ ಬೆರೆಸಿ. ಒಂದು ಗಂಟೆ ಬಿಟ್ಟು ಪಂಪ್ ಕೆಳಗೆ ಕೈಯಾಡಿಸಿ ನೋಡಿ. ಒದ್ದೆಯಾಗಿದ್ದರೆ ಬುಷ್ ಸೊಟ್ಟಗೆ ಕೂತಿದೆ, ಹೊದಿಕೆಯ ಕ್ಲಿಪ್ ಹಾಕುವ ಮೊದಲೇ ತೆಗೆದು ಸರಿಯಾಗಿ ಕೂರಿಸಿ.